ಬೆಲ್ಟ್ ಬೇಡ ಸರಿ, ಹಾಗಂತ ಯಾವ ಹಾರ್ನೆಸ್ ಆದರೂ ಆದೀತೇ?

ನಮ್ಮ ಚಿನ್ನಿಗೆ ಒಂಬತ್ತು ವರ್ಷ, ಏಳು ಕೆಜಿ. ಪಾಮೇರಿಯನ್ ಅಂತ ತಂದಿದ್ದು, ನಮ್ಮ ಕಡೆ ಪಾಮ್ ಅಂತ ಕರೆಯುವ ಬಹುಪಾಲು ನಾಯಿಗಳಂತೆ ಇದೂ ಇಂಡಿಯನ್ ಸ್ಪಿಟ್ಜ್ ಇರಬೇಕು. ಎರಡು ವರ್ಷದ ಹಿಂದೆ ಬೆಳಗ್ಗೆ ವಾಕಿಂಗ್ ಹೋದಾಗ ಬೀದಿ ನಾಯಿ ಕಂಡು ಮುಂದಕ್ಕೆ ಎಗರಿತು, ಬೆಲ್ಟ್ ಬಿಗಿಯಿತು, ತಕ್ಷಣ ಬಾತುಕೋಳಿ ಕೂಗಿದ ಹಾಗೆ ಒಣ ಕೆಮ್ಮು ಶುರುವಾಯಿತು. ಏನೋ ಗಂಟಲಲ್ಲಿ ಸಿಕ್ಕಿಕೊಂಡಿದೆ ಅಂದುಕೊಂಡು ನಾನು ಬಾಯಿ ಬಿಡಿಸಿ ನೋಡಿದೆ. ಏನೂ ಇರಲಿಲ್ಲ. ಮತ್ತೆ ನೀರು ಕುಡಿದಾಗ ಕೆಮ್ಮು, ಮಗಳು ಶಾಲೆಯಿಂದ ಬಂದಾಗ ಖುಷಿಗೆ ಕುಣಿದರೆ ಕೆಮ್ಮು. ಡಾಕ್ಟರು ಎಕ್ಸ್‌ರೇ ತೆಗೆಸಿ ಶ್ವಾಸನಾಳ ಸಡಿಲವಾಗಿದೆ ಅಂದರು. ಔಷಧಿ ಬರೆಯೋಕೆ ಮುಂಚೆ ಅವರು ಹೇಳಿದ ಮಾತು, "ಅಮ್ಮ, ಆ ಬೆಲ್ಟನ್ನ ಇಲ್ಲೇ ಬಿಚ್ಚಿ."

ಬಿಚ್ಚಿದೆ. ಆದರೆ ಅದರ ಬದಲಿಗೆ ತಂದ, ಎದೆ ಬೆನ್ನು ಬಳಸಿ ಹಾಕುವ ಮೊದಲ ಹಾರ್ನೆಸ್ ಬೆಲ್ಟಿನಷ್ಟೇ ಕೆಟ್ಟದಾಗಿತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. "ಹಾರ್ನೆಸ್ ಹಾಕಿ" ಅಂತ ಎಲ್ಲರೂ ಹೇಳುತ್ತಾರೆ, ಎಂಥದ್ದು, ಎಲ್ಲಿ ಕೂರಬೇಕು ಅಂತ ಹೇಳುವವರು ಕಡಿಮೆ.

ಮೊದಲು ಎಳೆತ ಎಲ್ಲಿ ಬೀಳುತ್ತದೆ ನೋಡಿ

ಶ್ವಾಸನಾಳ ಅಂದರೆ ಕುತ್ತಿಗೆಯ ಮುಂಭಾಗದಲ್ಲಿ ಇಳಿಯುವ ಗಾಳಿ ಕೊಳವೆ. ಅದು ಮುಚ್ಚಿಕೊಳ್ಳದ ಹಾಗೆ ಹಿಡಿದಿರುವುದು ಸಾಲಾಗಿರುವ ಮೃದು ಎಲುಬಿನ ಉಂಗುರಗಳು. ಪೂರ್ತಿ ಉಂಗುರ ಅಲ್ಲ, ಒಂದು ಕಡೆ ತೆರೆದ ಬಳೆಯ ಹಾಗೆ. ಬೆನ್ನಿನ ಕಡೆಯ ಆ ತೆರೆದ ಜಾಗವನ್ನು ತೆಳು ಪೊರೆ ಮುಚ್ಚಿರುತ್ತದೆ. ಪಾಮ್, ಯಾರ್ಕ್‌ಶೈರ್ ಟೆರಿಯರ್, ಚಿವಾವಾದಂಥ ಪುಟ್ಟ ಜಾತಿಗಳಲ್ಲಿ ವಯಸ್ಸಾಗುತ್ತಾ ಈ ಬಳೆಗಳು ಬಲ ಕಳೆದುಕೊಂಡು ಚಪ್ಪಟೆಯಾಗುತ್ತವೆ, ಪೊರೆ ಸಡಿಲವಾಗಿ ಒಳಕ್ಕೆ ಜೋಲುತ್ತದೆ. ಆಗ ಹೊರಗಿನಿಂದ ಸ್ವಲ್ಪ ಒತ್ತಿದರೂ ಸಾಕು, ಕೊಳವೆಯ ಗೋಡೆಗಳು ಒಂದಕ್ಕೊಂದು ತಾಗಿ ಕೆಮ್ಮು ಬರುತ್ತದೆ. ಕೆಮ್ಮಿದಷ್ಟೂ ಒಳಗೆ ಕೆರಳುತ್ತದೆ, ಕೆರಳಿದಷ್ಟೂ ಇನ್ನೂ ಕೆಮ್ಮು.

ಬೆಲ್ಟು ಸರಿಯಾಗಿ ಆ ಕೊಳವೆಯ ಮೇಲೇ ಕೂರುತ್ತದೆ. ಅಗಲ ಬೆಲ್ಟ್, ಮೆತ್ತನೆ ಬೆಲ್ಟ್ ಅಂತ ಮಾರುತ್ತಾರಲ್ಲ, ಅದರಿಂದ ಒತ್ತಡ ಸ್ವಲ್ಪ ಹರಡುತ್ತದೆ ಅಷ್ಟೇ, ಜಾಗ ಬದಲಾಗುವುದಿಲ್ಲ. ಬ್ರಿಟನ್ನಿನ ನಾಟಿಂಗ್‌ಹ್ಯಾಮ್ ಟ್ರೆಂಟ್ ವಿಶ್ವವಿದ್ಯಾಲಯದವರು ನಾಯಿಯ ಕುತ್ತಿಗೆಯ ಮಾದರಿಯೊಂದಕ್ಕೆ ಬೇರೆ ಬೇರೆ ಬಗೆಯ ಬೆಲ್ಟ್ ಹಾಕಿ ಎಳೆದು ಒತ್ತಡ ಅಳೆದಿದ್ದರು, 2020ರಲ್ಲಿ ಪ್ರಕಟವಾಯಿತು. ಎಳೆಯುವ ನಾಯಿಗೆ ಸುರಕ್ಷಿತ ಅನ್ನುವಷ್ಟು ಕಡಿಮೆ ಒತ್ತಡ ಕೊಡುವ ಬೆಲ್ಟ್ ಆ ಪರೀಕ್ಷೆಯಲ್ಲಿ ಒಂದೂ ಇರಲಿಲ್ಲ.

ನಮ್ಮ ಊರಲ್ಲಿ ಎತ್ತಿನ ಗಾಡಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಭಾರ ಎಳೆಯೋದು ನೊಗದಿಂದ. ದಿಕ್ಕು ತಿರುಗಿಸೋದು ಮೂಗುದಾರದಿಂದ. ಕೊರಳಿಗೆ ಉರುಳು ಹಾಕಿ ಗಾಡಿ ಎಳೆಸುವುದಿಲ್ಲ ಅಲ್ವಾ? ಹಾರ್ನೆಸ್ ಮಾಡುವುದು ನೊಗದ ಕೆಲಸ, ಹೆಡ್ ಹಾಲ್ಟರ್ ಮಾಡುವುದು ಹೆಚ್ಚು ಕಡಿಮೆ ಮೂಗುದಾರದ ಕೆಲಸ (ಚುಚ್ಚುವುದಿಲ್ಲ, ಮೂತಿಯ ಮೇಲೆ ಬಳಸಿಕೊಳ್ಳುತ್ತದೆ, ಅಷ್ಟೇ ವ್ಯತ್ಯಾಸ).

ನಾನು ಎಡವಿದ್ದು ಎಲ್ಲಿ

ಅಂಗಡಿಗೆ ಹೋಗಿ ಪಾಮ್‌ಗೆ ಹಾರ್ನೆಸ್ ಬೇಕು ಅಂದೆ. "ಎಂಟು ಕೆಜಿನಾ ಮೇಡಂ? ಎಂ ಸೈಜ್, ಕಣ್ಣು ಮುಚ್ಕೊಂಡು ತಗೊಳ್ಳಿ" ಅಂದ ಹುಡುಗ. ಬನಿಯನ್ ಥರದ ಜಾಲರಿ ಬಟ್ಟೆಯದು, ತಲೆ ತೂರಿಸಿ ಹೊಟ್ಟೆಯ ಹತ್ತಿರ ಒಂದೇ ಬಕಲ್ ಹಾಕುವುದು. ನೋಡೋಕೆ ಮುದ್ದಾಗಿತ್ತು. ಮನೆಗೆ ತಂದು ಹಾಕಿ ಹೊರಟೆ. ಮೂರನೇ ದಿನ ಮತ್ತೆ ಅದೇ ಬಾತುಕೋಳಿ ಕೆಮ್ಮು.

ಮಗಳಿಗೆ ಮೊಬೈಲ್ ಕೊಟ್ಟು ಪಕ್ಕದಿಂದ ವಿಡಿಯೋ ಮಾಡಿಸಿದೆ. ಮನೆಗೆ ಬಂದು ನಿಧಾನವಾಗಿ ಓಡಿಸಿ ನೋಡಿದಾಗ ಗೊತ್ತಾಯಿತು. ಚಿನ್ನಿ ಮುಂದಕ್ಕೆ ಎಳೆದಾಗಲೆಲ್ಲ ಎದೆಯ ಮೇಲಿರಬೇಕಾದ ಬಟ್ಟೆ ಮೂರು ನಾಲ್ಕು ಬೆರಳಿನಷ್ಟು ಮೇಲೆ ಜಾರಿ, ಕುತ್ತಿಗೆಯ ತೂತಿನ ಅಂಚು ಸೀದಾ ಗಂಟಲಿಗೆ ಒತ್ತುತ್ತಿತ್ತು. ಹೆಸರು ಹಾರ್ನೆಸ್, ಕೆಲಸ ಬೆಲ್ಟಿಂದೇ.

ಕಾರಣ ಎರಡು. ಕುತ್ತಿಗೆಯ ತೂತನ್ನು ಹಿಗ್ಗಿಸಲು ಕುಗ್ಗಿಸಲು ಆಗುವಂಥದ್ದಲ್ಲ ಅದು, ಅಂಗಡಿಯವ ಕೊಟ್ಟಿದ್ದೂ ದೊಡ್ಡ ಸೈಜು. ಎರಡನೆಯದು ನಾನು ಯೋಚಿಸಿಯೇ ಇರಲಿಲ್ಲ, ಪುಟ್ಟ ನಾಯಿಯ ಲೀಶ್ ಎಳೆತ ಹಿಂದಕ್ಕಲ್ಲ, ಮೇಲಕ್ಕೆ. ಚಿನ್ನಿಯ ಬೆನ್ನು ನೆಲದಿಂದ ಒಂದಡಿ ಎತ್ತರ, ನನ್ನ ಕೈ ಎರಡೂವರೆ ಅಡಿ ಎತ್ತರ. ಗಿಡ್ಡ ಲೀಶ್ ಹಿಡಿದು ಪಕ್ಕದಲ್ಲಿ ನಡೆಸಿದರೆ ದಾರ ಹೆಚ್ಚುಕಡಿಮೆ ನೆಟ್ಟಗೆ ಮೇಲಕ್ಕೆ ಬರುತ್ತದೆ. ಆಗ ಲೀಶ್ ಸಿಕ್ಕಿಸುವ ಉಂಗುರ ಕುತ್ತಿಗೆಯ ಬುಡದಲ್ಲಿದ್ದರೆ ಹಾರ್ನೆಸ್ಸಿನ ಮುಂಭಾಗವೆಲ್ಲ ಗಂಟಲಿಗೆ ಏರುತ್ತದೆ. ಉಂಗುರ ಭುಜದ ಮೂಳೆಗಳಿಗಿಂತ ಹಿಂದೆ, ಬೆನ್ನಿನ ಮೇಲಿದ್ದರೆ ಎಳೆತವನ್ನು ಎದೆಗೂಡಿನ ಸುತ್ತಲಿನ ಪಟ್ಟಿ ಹೊತ್ತುಕೊಳ್ಳುತ್ತದೆ.

ಯಾವ ಥರದ್ದು ಹುಡುಕಬೇಕು

ಮುಂದಿನಿಂದ ನೋಡಿದರೆ ಇಂಗ್ಲಿಷಿನ ವೈ ಅಕ್ಷರದ ಹಾಗೆ ಕಾಣುವ ಹಾರ್ನೆಸ್ ಬೇಕು. ಎರಡು ಭುಜಗಳಿಂದ ಇಳಿದ ಪಟ್ಟಿಗಳು ಎದೆಯ ನಡುವೆ ಸೇರಿ, ಅಲ್ಲಿಂದ ಒಂದೇ ಪಟ್ಟಿ ಮುಂಗಾಲುಗಳ ನಡುವೆ ಹಾದು ಎದೆಗೂಡಿನ ಪಟ್ಟಿಗೆ ಸೇರಬೇಕು. ಆ ಕೆಳಗಿನ ಪಟ್ಟಿಯೇ ಮುಖ್ಯ, ಮೇಲಿನದು ಗಂಟಲಿಗೆ ಏರದ ಹಾಗೆ ಹಿಡಿದಿಡುವುದು ಅದೇ. ಎದೆಗೆ ಅಡ್ಡಲಾಗಿ ಒಂದೇ ಪಟ್ಟಿ ಬರುವ ಮಾದರಿಗಳಲ್ಲಿ ಆ ಹಿಡಿತವಿಲ್ಲ. ಅಡ್ಡಪಟ್ಟಿ ಸ್ವಲ್ಪ ಸಡಿಲವಾದರೆ ಮೇಲೇರಿ ಗಂಟಲಿಗೆ, ಬಿಗಿಯಾದರೆ ಭುಜದ ಓಡಾಟಕ್ಕೆ ಅಡ್ಡ. ಎಳೆದರೆ ಬಿಗಿಯುವಂಥ ಹಾರ್ನೆಸ್ಸುಗಳೂ ಸಿಗುತ್ತವೆ, ಉಸಿರಿಗೇ ಕಷ್ಟಪಡುವ ನಾಯಿಯ ಎದೆಯನ್ನು ಹಿಂಡುವುದು ಯಾಕೆ? ಅದನ್ನು ಬಿಟ್ಟುಬಿಡಿ.

ಪಟ್ಟಿಗಳನ್ನು ಕನಿಷ್ಠ ಎರಡು ಕಡೆ, ಕುತ್ತಿಗೆಗೂ ಎದೆಗೂ ಬೇರೆ ಬೇರೆಯಾಗಿ, ಹೊಂದಿಸಲು ಬರಬೇಕು. ನಾಲ್ಕು ಕಡೆ ಬಂದರೆ ಇನ್ನೂ ಒಳ್ಳೆಯದು. ಕುತ್ತಿಗೆಯ ಹತ್ತಿರವೂ ಬಕಲ್ ಇದ್ದರೆ ತಲೆ ತೂರಿಸುವ ಗೋಜಿಲ್ಲ. ಕೆಲವು ನಾಯಿಗಳಿಗೆ ಆ ತೂರಿಸುವುದಕ್ಕೇ ಕೆಮ್ಮು ಬರುತ್ತದೆ.

ಎದೆಯ ಮುಂದೆಯೂ ಒಂದು ಉಂಗುರ ಇರುವ ಹಾರ್ನೆಸ್ಸುಗಳಿವೆ. ನಾಯಿ ಎಳೆದರೆ ಅದು ಪಕ್ಕಕ್ಕೆ ತಿರುಗಿ ಎಳೆತ ನಿಲ್ಲುತ್ತದೆ ಅನ್ನುವುದು ಅದರ ಉಪಾಯ. ದೊಡ್ಡ ನಾಯಿಗೆ ಕೆಲಸಕ್ಕೆ ಬರುತ್ತದೆ. ಏಳು ಕೆಜಿಯ ನಾಯಿಗೆ ನಾನು ಹೇಳುವುದಿಲ್ಲ. ಈಗ ಹೇಳಿದೆನಲ್ಲ, ದಾರ ಮೇಲಕ್ಕೆ ಹೋಗುತ್ತದೆ, ಮುಂದಿನ ಉಂಗುರವನ್ನು ಮೇಲಕ್ಕೆತ್ತಿದರೆ ಅದು ಹೋಗಿ ನಿಲ್ಲುವುದು ಗಂಟಲಲ್ಲೇ. ಜೊತೆಗೆ ಲೀಶ್ ಕಾಲಿಗೂ ಸಿಕ್ಕಿಕೊಳ್ಳುತ್ತದೆ.

ಅಳತೆ: ತೂಕ ನೋಡಿ ತರಬೇಡಿ

ಟೈಲರ್ ಟೇಪ್ ತೆಗೆದುಕೊಳ್ಳಿ. ನಾಯಿ ನಿಂತಿರಬೇಕು, ಕೂತಾಗ ಅಳತೆ ಬದಲಾಗುತ್ತದೆ. ಒಬ್ಬರು ಮುಂದೆ ನಿಂತು ಬೇಯಿಸಿದ ಕೋಳಿಯ ಚೂರೋ ಪನೀರೋ ತೋರಿಸುತ್ತಿದ್ದರೆ ಕೆಲಸ ಬೇಗ ಮುಗಿಯುತ್ತದೆ.

ಎದೆಯ ಸುತ್ತಳತೆಯನ್ನು ಮುಂಗಾಲುಗಳ ಹಿಂದೆ, ಕಂಕುಳಿನಿಂದ ಎರಡು ಬೆರಳು ಹಿಂದಕ್ಕೆ ಬಿಟ್ಟು ತೆಗೆಯಿರಿ. ಪಾಮ್ ಥರ ಜೂಲು ನಾಯಿಗಳಲ್ಲಿ ಟೇಪನ್ನು ಕೂದಲಿನ ಒಳಗೆ ಚರ್ಮಕ್ಕೆ ತಾಗುವಂತೆ ತೂರಿಸಬೇಕು. ಚಿನ್ನಿಗೆ ಕೂದಲ ಮೇಲಿಂದ ಅಳೆದರೆ 52 ಸೆಂಟಿಮೀಟರ್ ಬಂತು, ಒಳಗಿಂದ ಅಳೆದರೆ 46. ಈ ಆರು ಸೆಂಟಿಮೀಟರ್ ಬರೀ ಕೂದಲು. ಕುತ್ತಿಗೆಯನ್ನು ಬೆಲ್ಟ್ ಕೂರುವ ಕಡೆ ಅಲ್ಲ, ಅದಕ್ಕಿಂತ ಕೆಳಗೆ, ಭುಜಕ್ಕೆ ಸೇರುವ ಬುಡದಲ್ಲಿ ಅಳೆಯಿರಿ. ಚಿನ್ನಿಯದು 33 ಬಂತು. ಎರಡನೇ ಸಲ ಕೊಂಡ ಹಾರ್ನೆಸ್ಸಿನಲ್ಲಿ ಎಸ್ ಸೈಜಿನ ಎದೆ ಅಳತೆ 40ರಿಂದ 50 ಅಂತಿತ್ತು, ಎಂ ಸೈಜಿಂದು 48ರಿಂದ 60. ಕೂದಲ ಮೇಲೆ ಅಳೆದಿದ್ದರೆ ಮತ್ತೆ ಎಂ ತಂದು ಮತ್ತೆ ಅದೇ ಕಥೆ. ಸೈಜಿನ ಅಕ್ಷರಕ್ಕೆ ಬೆಲೆ ಕೊಡಬೇಡಿ, ಒಂದು ಕಂಪನಿಯ ಎಸ್ ಇನ್ನೊಂದರ ಎಂ ಆಗಿರುತ್ತದೆ. ನಿಮ್ಮ ಅಳತೆ ಆ ಸೈಜಿನ ಎರಡು ಅಂಕಿಗಳ ನಡುವೆ ಎಲ್ಲೋ ಬೀಳುವಂತಿದ್ದರೆ ಎರಡೂ ಕಡೆ ಹೊಂದಿಸಲು ಜಾಗ ಇರುತ್ತದೆ.

ಹಾಕಿದ ಮೇಲೆ ಪರೀಕ್ಷೆ

ಇದಕ್ಕೆ ಹತ್ತು ನಿಮಿಷ ಕೊಡಿ. ಮೊದಲು ಎದೆ ಮೂಳೆಯ ತುದಿ ಪತ್ತೆ ಹಚ್ಚಬೇಕು. ಗಂಟಲಿನಿಂದ ಕೆಳಗೆ ತಡವುತ್ತಾ ಬರಬೇಡಿ, ಇಂಥ ನಾಯಿಗೆ ಅಷ್ಟಕ್ಕೇ ಕೆಮ್ಮು ಬರುತ್ತದೆ (ಡಾಕ್ಟರು ಪರೀಕ್ಷೆ ಮಾಡುವಾಗ ಅಲ್ಲೇ ಮೆಲ್ಲಗೆ ಒತ್ತಿ ನೋಡುವುದೂ ಉಂಟು). ಕೆಳಗಿನಿಂದ ಮೇಲಕ್ಕೆ ಬನ್ನಿ. ಮುಂಗಾಲುಗಳ ನಡುವೆ ಬೆರಳಿಟ್ಟು, ಎದೆಯ ನಡುಗೆರೆಯಲ್ಲಿ ಮೇಲೆ ಸರಿಸುತ್ತಾ ಹೋದರೆ ಗಟ್ಟಿ ಮೂಳೆ ಒಂದು ಕಡೆ ಗುಬಟಿನಂತೆ ಮುಗಿಯುತ್ತದೆ, ಅದರ ಮೇಲೆ ಮೆತ್ತಗಿನ ಗುಳಿ. ಪಟ್ಟಿಗಳು ಸೇರುವ ಜಾಗ ಆ ಗುಬಟಿನ ಮೇಲೆ ಅಥವಾ ಸ್ವಲ್ಪ ಕೆಳಗೆ ಕೂರಬೇಕು. ಗುಳಿಯ ಮೇಲೆ ಕೂತರೆ ಆ ಹಾರ್ನೆಸ್ ನಿಮ್ಮ ನಾಯಿಗಲ್ಲ, ಅಥವಾ ಇನ್ನೂ ಹೊಂದಿಸಬೇಕು.

ಆಮೇಲೆ ಪ್ರತಿ ಪಟ್ಟಿಯ ಕೆಳಗೂ ಎರಡು ಬೆರಳು ಚಪ್ಪಟೆಯಾಗಿ ತೂರಿಸಿ. ಸಲೀಸಾಗಿ ಹೋಗಬೇಕು, ಆದರೆ ಒಳಗೆ ಬೆರಳು ತಿರುಗಿಸಿ ನಿಲ್ಲಿಸುವಷ್ಟು ಜಾಗ ಇರಬಾರದು. ಜನ ತಪ್ಪುವುದು ಇಲ್ಲೇ. ಪಾಪ, ಗಂಟಲು ಸೂಕ್ಷ್ಮ ಅಂತ ಸಡಿಲ ಬಿಡುತ್ತಾರೆ. ಸಡಿಲ ಬಿಟ್ಟಷ್ಟೂ ಅದು ಗಂಟಲಿಗೆ ಏರುತ್ತದೆ.

ಈಗ ಲೀಶ್ ಸಿಕ್ಕಿಸಿ, ನಾಯಿಯನ್ನು ನಿಲ್ಲಿಸಿಕೊಂಡು, ನಿಮ್ಮ ಕೈಯಿಂದಲೇ ಮೆಲ್ಲಗೆ ಎಳೆಯಿರಿ. ಮೊದಲು ಬಾಲದ ಕಡೆಗೆ, ನಾಯಿ ಮುಂದೆ ಎಳೆದಾಗ ಆಗುವ ಹಾಗೆ. ಆಮೇಲೆ ನೇರ ಮೇಲಕ್ಕೆ. ಆಮೇಲೆ ಎಡಕ್ಕೆ, ಬಲಕ್ಕೆ. ಪ್ರತಿ ಸಲವೂ ಕಣ್ಣು ಆ ಗುಬಟಿನ ಮೇಲೇ ಇರಲಿ. ಪಟ್ಟಿ ಒಂದು ಬೆರಳಿನಷ್ಟು ಅಲುಗಿದರೆ ಚಿಂತೆಯಿಲ್ಲ. ಮೂಳೆ ದಾಟಿ ಗುಳಿಗೆ ಬಂದರೆ ಎದೆಗೂಡಿನ ಪಟ್ಟಿ ಒಂದು ಗೆಣ್ಣು ಬಿಗಿ ಮಾಡಿ ಮತ್ತೆ ನೋಡಿ. ಕೊನೆಗೆ ನಾಯಿಯ ಮುಂದೆ ಕೂತು ಲೀಶನ್ನು ನಿಮ್ಮ ಕಡೆ ಎಳೆಯಿರಿ, ಅಂದರೆ ನಾಯಿ ಹಿಂದೆ ಹಿಂದೆ ಸರಿದು ತಪ್ಪಿಸಿಕೊಳ್ಳುವ ಹಾಗೆ. ಹೆದರಿದ ನಾಯಿ ಹಾರ್ನೆಸ್ಸಿನಿಂದ ನುಸುಳುವುದು ಹೀಗೇ. ಪಟಾಕಿ ಸದ್ದಿಗೆ ಬೆಚ್ಚುವ ನಾಯಿಗೆ ಈ ಪರೀಕ್ಷೆ ತಪ್ಪಿಸಬೇಡಿ.

ಮೊದಲ ವಾರ ಹತ್ತು ಹದಿನೈದು ನಿಮಿಷ ಮಾತ್ರ ಹಾಕಿ ನಡೆಸಿ, ಬಂದ ಮೇಲೆ ಕಂಕುಳು ಬಿಡಿಸಿ ನೋಡಿ. ಕೆಂಪಾಗಿದೆಯಾ, ಕೂದಲು ಗಂಟುಕಟ್ಟಿದೆಯಾ? ಹಾಗಿದ್ದರೆ ಎದೆಗೂಡಿನ ಪಟ್ಟಿ ಮುಂಗಾಲಿಗೆ ತೀರ ಹತ್ತಿರ ಇದೆ ಅಂತ ಅರ್ಥ. ಮನೆಯೊಳಗೆ ಬಂದ ತಕ್ಷಣ ಬಿಚ್ಚಿ. ಆಟೋ ಹತ್ತಿಸುವಾಗ ಹಾರ್ನೆಸ್ ಹಿಡಿದು ಚೀಲ ಎತ್ತಿದ ಹಾಗೆ ಎತ್ತಬೇಡಿ, ಎದೆಯ ಕೆಳಗೊಂದು ಕೈ, ಹಿಂಗಾಲಿನ ಕೆಳಗೊಂದು ಕೈ ಕೊಡಿ.

ಲೀಶ್ ಕೂಡ ಲೆಕ್ಕಕ್ಕೆ ಬರುತ್ತದೆ

ಹಗುರವಾದ ಆರು ಅಡಿಯ ದಾರ, ತುದಿಯಲ್ಲಿ ಚಿಕ್ಕ ಕೊಂಡಿ. ಉದ್ದ ಇದ್ದಷ್ಟೂ ಮೇಲಕ್ಕೆ ಎಳೆಯುವ ಕೋನ ಕಡಿಮೆಯಾಗುತ್ತದೆ, ಮೂರು ಅಡಿಯದರಲ್ಲಿ ಆ ಅನುಕೂಲ ಇಲ್ಲ. ಕಬ್ಬಿಣದ ಚೈನ್ ಪುಟ್ಟ ನಾಯಿಗೆ ಸುಮ್ನೆ ಭಾರ. ಡಬ್ಬಿಯೊಳಗೆ ಸುತ್ತಿಕೊಳ್ಳುವ ಲೀಶ್ ಬೇಡವೇ ಬೇಡ, ಅದರ ಸ್ಪ್ರಿಂಗ್ ಯಾವಾಗಲೂ ಎಳೆಯುತ್ತಲೇ ಇರುತ್ತದೆ, ತುದಿ ಮುಟ್ಟಿದಾಗ ಒಂದು ಜಗ್ಗು ಬೇರೆ.

ಹೆಡ್ ಹಾಲ್ಟರ್ ಯಾರಿಗೆ

ನಮ್ಮ ಮೇಲಿನ ಮನೆಯ ಅಜ್ಜಿ ಕೇಳಿದರು, "ಕುದುರೆಗೆ ಹಾಕೋ ಥರದ್ದು ಒಂದು ಸಿಗುತ್ತಂತಲ್ಲಮ್ಮ, ಅದು ಗಂಟಲಿಗೆ ಒಳ್ಳೇದಾ?" ಅವರ ಲ್ಯಾಬ್ರಡಾರ್ 34 ಕೆಜಿ, ಅಜ್ಜಿ ಅದಕ್ಕಿಂತ ಸ್ವಲ್ಪ ಜಾಸ್ತಿ ಇರಬಹುದು.

ಹಾಲ್ಟರಿನಲ್ಲಿ ಎರಡು ಪಟ್ಟಿ. ಒಂದು ಮೂತಿಯ ಸುತ್ತ, ಇನ್ನೊಂದು ಕಿವಿಯ ಹಿಂದೆ ಕುತ್ತಿಗೆಯ ಮೇಲ್ತುದಿಯಲ್ಲಿ. ಲೀಶ್ ಗದ್ದದ ಕೆಳಗೆ ಸಿಕ್ಕಿಸುತ್ತಾರೆ. ಇದು ಬಾಯಿಗೆ ಹಾಕುವ ಕುಕ್ಕೆ ಅಲ್ಲ, ನಾಯಿ ಬಾಯಿ ತೆರೆದು ತೇಕಬಹುದು, ನೀರು ಕುಡಿಯಬಹುದು. ತಲೆ ತಿರುಗಿದ ಕಡೆ ಮೈ ತಿರುಗುತ್ತದೆ, ಆದ್ದರಿಂದ ಕಡಿಮೆ ಬಲದಲ್ಲಿ ದೊಡ್ಡ ನಾಯಿಯನ್ನು ತಡೆಯಬಹುದು. ಅದು ನಿಜ.

ಆದರೆ ಸೂಕ್ಷ್ಮ ಕುತ್ತಿಗೆಗೆ ಅದು ಒಳ್ಳೆಯದು ಅನ್ನುವುದು ಅರ್ಧ ಸತ್ಯ. ಆ ಮೇಲಿನ ಪಟ್ಟಿ ಬಿಗಿಯಾಗಿಯೇ ಇರಬೇಕು, ಒಂದು ಬೆರಳು ಹೋಗುವಷ್ಟು ಮಾತ್ರ, ಇಲ್ಲದಿದ್ದರೆ ಮೂತಿಯ ಪಟ್ಟಿ ಕಳಚಿಬಿಡುತ್ತದೆ. ಅದು ಗಂಟಲಿನ ಮೇಲ್ಭಾಗದಲ್ಲೇ ಹಾಯುತ್ತದೆ. ಇನ್ನೂ ದೊಡ್ಡ ತೊಂದರೆ, ನಾಯಿ ಬೆಕ್ಕು ಕಂಡು ಓಡಿ ಲೀಶಿನ ತುದಿ ಮುಟ್ಟಿದರೆ ಮೈ ಮುಂದೆ ಹೋಗುತ್ತದೆ, ತಲೆ ಮಾತ್ರ ಸರಕ್ಕನೆ ಹಿಂದಕ್ಕೆ ತಿರುಗುತ್ತದೆ. ಕತ್ತಿನ ಮೂಳೆ ನೋವು, ಡಿಸ್ಕ್ ತೊಂದರೆ ಇರುವ ನಾಯಿಗೆ ಆ ಒಂದು ತಿರುಚು ಸಾಕು. ಪಗ್, ಶಿಹ್ ತ್ಸುಗಳಿಗಂತೂ ಮೂತಿಯೇ ಇಲ್ಲ, ಪಟ್ಟಿ ನಿಲ್ಲುವುದೆಲ್ಲಿ? ಜಾರಿ ಕಣ್ಣಿಗೆ ಬರುತ್ತದೆ. ಪುಟ್ಟ ನಾಯಿಗೆ ಅದರ ಅಗತ್ಯವೂ ಇಲ್ಲ, ಏಳು ಕೆಜಿಯನ್ನು ಹಾರ್ನೆಸ್ಸಿನಲ್ಲೇ ತಡೆಯಬಹುದು.

ಅಜ್ಜಿಗೆ ನಾನು ಹೇಳಿದ್ದು ಇಷ್ಟು. ಮೊದಲು ಎದೆಯ ಮುಂದೆಯೂ ಬೆನ್ನ ಮೇಲೂ ಉಂಗುರ ಇರುವ ವೈ ಹಾರ್ನೆಸ್ ತಂದು ನೋಡಿ, ಲ್ಯಾಬ್ರಡಾರ್ ಎತ್ತರಕ್ಕೆ ಮುಂದಿನ ಉಂಗುರ ಸರಿಯಾಗಿ ಕೆಲಸ ಮಾಡುತ್ತದೆ. ಅದರಲ್ಲೂ ಹಿಡಿಯಲು ಆಗದಿದ್ದರೆ ಮಾತ್ರ, ಡಾಕ್ಟರ ಹತ್ತಿರ ಕತ್ತು ತೋರಿಸಿ, ಹಾಲ್ಟರ್. ಅದೂ ಎರಡು ತುದಿಗೂ ಕೊಂಡಿ ಇರುವ ಲೀಶ್ ಹಾಕಿ, ಒಂದು ತುದಿ ಹಾರ್ನೆಸ್ಸಿಗೆ, ಇನ್ನೊಂದು ಹಾಲ್ಟರಿಗೆ. ಹಾಲ್ಟರಿನ ಕಡೆಯ ದಾರ ಯಾವಾಗಲೂ ಜೋಲುತ್ತಿರಬೇಕು, ಭಾರವೆಲ್ಲ ಹಾರ್ನೆಸ್ಸಿನದು, ಹಾಲ್ಟರಿಂದ ಬರೀ ದಿಕ್ಕು. ಜಗ್ಗಬಾರದು. ಮೊದಲ ದಿನವೇ ಹಾಕಿಕೊಂಡು ಬೀದಿಗೆ ಹೋಗಲೂಬಾರದು. ಮೂತಿಯ ಪಟ್ಟಿಯ ಆಚೆ ತಿಂಡಿ ಹಿಡಿದು ನಾಯಿ ತಾನಾಗಿ ಮೂತಿ ತೂರಿಸುವಂತೆ ಮಾಡಬೇಕು, ಆಮೇಲೆ ಒಂದು ಕ್ಷಣ, ಆಮೇಲೆ ಒಂದು ನಿಮಿಷ, ಹೀಗೆ ವಾರಗಟ್ಟಲೆ ಹಿಡಿಯುತ್ತದೆ. ಪಂಜದಿಂದ ಮೂತಿ ಉಜ್ಜುತ್ತಿದ್ದರೆ ಅವಸರ ಮಾಡಿದ್ದೀರಿ ಅಂತ. ಅಜ್ಜಿ ಹಾರ್ನೆಸ್ಸಿನಲ್ಲೇ ನಿಭಾಯಿಸಿದರು, ಹಾಲ್ಟರಿನ ತನಕ ಬರಲಿಲ್ಲ.

ಬೆಲ್ಟಿಗೆ ಉಳಿಯುವ ಕೆಲಸ

ಹೆಸರು, ಫೋನ್ ನಂಬರಿನ ಬಿಲ್ಲೆ ನೇತುಹಾಕುವುದಕ್ಕೆ ಬೇಕಾದರೆ ಇರಲಿ. ಸಡಿಲವಾದ, ಹಗುರವಾದ ಬೆಲ್ಟ್, ಲೀಶ್ ಎಂದೂ ಅದಕ್ಕೆ ಬೇಡ. ತೊಂದರೆ ಏನಂದರೆ ಮನೆಗೆ ಬಂದವರು, ಮಕ್ಕಳು, ಬೆಲ್ಟ್ ಕಂಡ ತಕ್ಷಣ ಅದನ್ನೇ ಹಿಡಿದು ಎಳೆಯುತ್ತಾರೆ. ಅದಕ್ಕೇ ನಾನು ಬಿಲ್ಲೆಯನ್ನು ಹಾರ್ನೆಸ್ಸಿಗೇ ಹಾಕಿದ್ದೇನೆ. ಕಣ್ಣಿನ ಒತ್ತಡದ ಕಾಯಿಲೆ ಇರುವ ನಾಯಿಗೂ ಬೆಲ್ಟಿನ ಎಳೆತ ಬೇಡ, ಕುತ್ತಿಗೆ ಬಿಗಿದಾಗ ಕಣ್ಣೊಳಗಿನ ಒತ್ತಡ ಏರುತ್ತದೆ, ಹಾರ್ನೆಸ್ಸಿನಲ್ಲಿ ಹಾಗಾಗಲಿಲ್ಲ ಅಂತ 2006ರ ಒಂದು ಅಧ್ಯಯನದಲ್ಲಿ ಕಂಡಿದೆ.

ಹಾರ್ನೆಸ್ ಮಾಡದ ಕೆಲಸ

ಹಾರ್ನೆಸ್ಸಿನಿಂದ ಸಡಿಲವಾದ ಬಳೆ ಗಟ್ಟಿಯಾಗುವುದಿಲ್ಲ. ಹೊರಗಿನ ಒತ್ತಡ ತಪ್ಪುತ್ತದೆ, ಅಷ್ಟೇ. ಹಾರ್ನೆಸ್ ಸರಿಯಾಗಿ ಕೂತಮೇಲೂ ನಡೆಯುವಾಗ ಕೆಮ್ಮಿದರೆ ಬಿಸಿಲು, ಧೂಳು, ತೂಕ ನೋಡಿ. ಚಿನ್ನಿ ಎಂಟು ಕೆಜಿ ಇತ್ತು, ಬಿಸ್ಕತ್ತು ನಿಲ್ಲಿಸಿ ಒಂದು ಕೆಜಿ ಇಳಿಸಿದ್ದು ಕೆಮ್ಮಿಗೆ ಹಾರ್ನೆಸ್ಸಿನಷ್ಟೇ ಸಹಾಯ ಮಾಡಿತು. ಬೇಸಿಗೆಯಲ್ಲಿ ಏಳು ಗಂಟೆಯೊಳಗೆ ವಾಕಿಂಗ್ ಮುಗಿಸುತ್ತೇವೆ. ವಯಸ್ಸಾದ ಪುಟ್ಟ ನಾಯಿಗಳಲ್ಲಿ ಹೃದಯದ ತೊಂದರೆಗೂ ಕೆಮ್ಮು ಬರುತ್ತದೆ, ಹಾಗಾಗಿ ಡಾಕ್ಟರಿಗೆ ತೋರಿಸದೆ ಬರೀ ಹಾರ್ನೆಸ್ ಬದಲಿಸಿ ಕೂರಬೇಡಿ. ಒಸಡು ನೀಲಿ ಅಥವಾ ಬೂದು ಬಣ್ಣಕ್ಕೆ ತಿರುಗಿದರೆ, ಸುಮ್ನೆ ಮಲಗಿದ್ದಾಗಲೂ ಉಸಿರಿಗೆ ಒದ್ದಾಡಿದರೆ, ಕುಸಿದು ಬಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ, ಸೆಕೆ ಆಗದ ಹಾಗೆ ಎತ್ತಿಕೊಂಡು ಆ ಕ್ಷಣವೇ ಆಸ್ಪತ್ರೆಗೆ ಹೋಗಿ.

ಒಂದು ಮಾತು ಬಿಟ್ಟಿದ್ದೆ. ಏಪ್ರಿಲ್‌ನಲ್ಲಿ ಚಿನ್ನಿಗೆ ಕೂದಲು ಕತ್ತರಿಸಿಸಿದೆವು. ಮಾರನೇ ದಿನ ಅದೇ ಹಾರ್ನೆಸ್, ಅದೇ ಬಕಲ್, ಗೇಟಿನ ಹತ್ತಿರ ಪಟ್ಟಿ ಮತ್ತೆ ಗಂಟಲಿಗೆ ಏರಿತ್ತು. ಕೂದಲು ಹೋದಷ್ಟು ಪಟ್ಟಿ ಸಡಿಲ. ಈಗ ಪಟ್ಟಿಯ ಒಳಬದಿಯಲ್ಲಿ ಮಾರ್ಕರ್ ಪೆನ್ನಿನಿಂದ ಎರಡು ಗೆರೆ ಎಳೆದಿದ್ದೇನೆ, ಒಂದು ಕೂದಲಿದ್ದಾಗಿನ ಅಳತೆ, ಇನ್ನೊಂದು ಕತ್ತರಿಸಿದ ಮೇಲಿನದು. ಬಕಲ್ ಆ ಗೆರೆಯಿಂದ ಜಾರಿದೆಯಾ ಅಂತ ಪ್ರತಿ ಭಾನುವಾರ ಮಗಳು ನೋಡುತ್ತಾಳೆ.